ರಾತ್ರಿ ಸುರಿದ ಮಳೆ, ಬೆಳಿಗ್ಗೆ ತಲುಪಿದ ಲೆಕ್ಕ

ಮಲೆನಾಡಿನಲ್ಲಿ ಮಳೆ ಜೋರಾದ ರಾತ್ರಿ ಮೊದಲು ಹೋಗುವುದು ಕರೆಂಟು. ಅದರ ಬೆನ್ನಿಗೇ, ಬ್ಯಾಟರಿ ಬರಿದಾದಾಗ, ಮೊಬೈಲ್ ಟವರ್. ಊರೆಲ್ಲ ಕತ್ತಲಲ್ಲಿದ್ದರೂ ಪಂಚಾಯಿತಿ ಕಚೇರಿಯ ಬಳಿಯ ಮಳೆಮಾಪಕ ಮಾತ್ರ ಎಚ್ಚರವಾಗಿರುತ್ತದೆ. ಅದರ ಆಲಿಕೆಯ ಕೆಳಗೆ ಏತದಂತೆ ತೂಗುವ ಎರಡು ಪುಟ್ಟ ಬಟ್ಟಲುಗಳಿರುತ್ತವೆ. ಒಂದು ತುಂಬಿ ಮಗುಚಿದರೆ ಇನ್ನೊಂದು ಮೇಲೆ ಬರುತ್ತದೆ, ಮಗುಚಿದ್ದಕ್ಕೆಲ್ಲ ಒಂದೊಂದು ಎಣಿಕೆ. ಎಣಿಸುವುದು ಸುಲಭ. ಎಣಿಸಿದ್ದನ್ನು ಬೆಂಗಳೂರಿಗೆ ಮುಟ್ಟಿಸುವುದೇ ಕಷ್ಟ, ಅದೂ ಯಾವ ರಾತ್ರಿ ಆ ಅಂಕಿ ಎಲ್ಲಕ್ಕಿಂತ ಹೆಚ್ಚು ಬೇಕೋ ಅದೇ ರಾತ್ರಿ.

ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದವರೆಗೂ ಇಂಥ ಸ್ವಯಂಚಾಲಿತ ಮಳೆಮಾಪಕಗಳನ್ನು ಇಟ್ಟಿದೆ. 6,000ಕ್ಕೂ ಹೆಚ್ಚಿರುವ ಇವು ಪ್ರತಿ 15 ನಿಮಿಷದ ಮಳೆಯನ್ನು ಮೊಬೈಲ್ ಜಾಲದ ಮೂಲಕ ಯಲಹಂಕದ ಕೇಂದ್ರಕ್ಕೆ ಕಳಿಸಲೆಂದೇ ಇರುವಂಥವು. ಜಾಲ ಇಲ್ಲದಾಗ ಇಂಥ ಯಂತ್ರಗಳಿಗೆ ಇರುವ ದಾರಿ ಒಂದೇ: ಬರೆದಿಟ್ಟುಕೊಳ್ಳುವುದು, ಸಂಪರ್ಕ ಸಿಕ್ಕಾಗ ಕಳಿಸುವುದು. ಎಂಜಿನಿಯರುಗಳು ಇದನ್ನು ‘ಸ್ಟೋರ್ ಆಂಡ್ ಫಾರ್ವರ್ಡ್’ ಎನ್ನುತ್ತಾರೆ. ತಂತಿ ಕಚೇರಿಗಳ ಕಾಲದಿಂದಲೂ ಇರುವ ಪದ್ಧತಿಯಿದು. ಮುಂದಿನ ತಂತಿ ಖಾಲಿಯಾಗುವವರೆಗೆ ಸಂದೇಶವನ್ನು ನಡುವಿನ ಕಚೇರಿಯಲ್ಲಿ ಇಟ್ಟುಕೊಂಡು ಆಮೇಲೆ ದಾಟಿಸುತ್ತಿದ್ದರು.

ಕೂಡಿಡುವುದಕ್ಕೆ ಜಾಗದ ಕೊರತೆಯೇನಿಲ್ಲ. 15 ನಿಮಿಷಕ್ಕೊಂದು ಎಂದರೆ ದಿನಕ್ಕೆ 96 ದಾಖಲೆ. ಒಂದೊಂದಕ್ಕೆ 32 ಬೈಟ್ ಹಿಡಿದರೂ ಇಡೀ ವರ್ಷದ ಮಳೆ ಸುಮಾರು 1.1 ಎಂಬಿಯಲ್ಲಿ ಮುಗಿಯುತ್ತದೆ, ಮೊಬೈಲಿನಲ್ಲಿ ತೆಗೆದ ಒಂದು ಫೋಟೊ ಇದಕ್ಕಿಂತ ದೊಡ್ಡದು. ಹಾಗಾದರೆ ತೊಡಕೆಲ್ಲಿ? ಕೂಡಿಟ್ಟದ್ದು ತಲುಪಿದೆ ಎಂದು ಯಂತ್ರಕ್ಕೆ ಹೇಗೆ ಗೊತ್ತಾಗಬೇಕು ಎಂಬಲ್ಲಿ.

ಲೆಕ್ಕಕ್ಕಾಗಿ ಘಟ್ಟದ ಅಂಚಿನ ಒಂದು ಕೇಂದ್ರವನ್ನು ಕಲ್ಪಿಸಿಕೊಳ್ಳೋಣ. ಜುಲೈ ತಿಂಗಳು, ಹಗಲೆಲ್ಲ ಹೊಳವು. ಸಂಜೆ 6:10ಕ್ಕೆ ಟವರ್ ಸತ್ತಿದೆ, ಆಮೇಲೆ ಮಳೆ ಹಿಡಿದಿದೆ. ಮಾರನೆಯ ಬೆಳಿಗ್ಗೆ 7:40ಕ್ಕೆ ಟವರ್ ಮರಳುವ ಹೊತ್ತಿಗೆ ಯಂತ್ರದಲ್ಲಿ 6:15ರಿಂದ 7:30ರವರೆಗಿನ 54 ದಾಖಲೆಗಳು ಕೂತಿವೆ, ಒಟ್ಟು ಮಳೆ 108 ಮಿಲಿಮೀಟರ್. ಪ್ರತಿ ದಾಖಲೆಗೂ ಯಂತ್ರ ಒಂದು ಕ್ರಮಸಂಖ್ಯೆ ಕೊಟ್ಟಿದೆ: 4101ರಿಂದ 4154.

ಮೊದಲು ಹೋಗುವುದು ಕೊನೆಯದ್ದು, ಅಂದರೆ 4154. ಹಳೆಯದರಿಂದ ಶುರು ಮಾಡಿದರೆ ಸಂಪರ್ಕ ಮತ್ತೆ ಕಡಿದುಹೋದಾಗ ಕೇಂದ್ರದಲ್ಲಿ ಕೂತವರಿಗೆ ನಿನ್ನೆ ಸಂಜೆಯ ಹನಿ ಗೊತ್ತಿರುತ್ತದೆ, ಈ ಹೊತ್ತಿನ ಮಳೆ ಗೊತ್ತಿರುವುದಿಲ್ಲ. ಆಮೇಲೆ ಬಾಕಿಯ ಸರದಿ, 20ರ ಕಂತುಗಳಲ್ಲಿ. ಮೊದಲ ಕಂತು ರಾತ್ರಿ 11ರವರೆಗಿನದು, ಅದರಲ್ಲಿ 61 ಮಿಮೀ ಮಳೆ ಇದೆ. ಕಂತು ಕೇಂದ್ರವನ್ನು ತಲುಪುತ್ತದೆ, ಡೇಟಾಬೇಸ್ ಅದನ್ನು ಬರೆದುಕೊಳ್ಳುತ್ತದೆ, ‘ಸಿಕ್ಕಿತು’ ಎಂಬ ಉತ್ತರವನ್ನೂ ಕಳಿಸುತ್ತದೆ. ಅಷ್ಟರಲ್ಲಿ ಸಿಗ್ನಲ್ ಹೋಯಿತು. ಉತ್ತರ ದಾರಿಯಲ್ಲೇ ಕಳೆಯಿತು.

ರಿಜಿಸ್ಟರ್ಡ್ ಅಂಚೆಯ ಎ.ಡಿ. ಕಾರ್ಡ್ ವಾಪಸು ಬರದಿದ್ದರೆ ಆಗುತ್ತಿದ್ದ ಪೇಚಾಟವೇ ಇದು. ಕಾಗದ ತಲುಪಲಿಲ್ಲವೋ, ಕಾಗದ ತಲುಪಿ ಕಾರ್ಡ್ ಕಳೆಯಿತೋ, ಕಳಿಸಿದವರಿಗೆ ತಿಳಿಯುವ ದಾರಿಯಿರಲಿಲ್ಲ. ಯಂತ್ರವೂ ಹಾಗೆಯೇ. ತಲುಪಿರಬಹುದೆಂದು ಅಳಿಸಿಬಿಟ್ಟರೆ, ತಲುಪದೇ ಹೋದ ದಿನ 61 ಮಿಮೀ ಮಾಯವಾಗಿ ಕೇಂದ್ರದಲ್ಲಿ 47 ಮಾತ್ರ ಉಳಿಯುತ್ತದೆ. ಮತ್ತೆ ಕಳಿಸಿದರೆ ಅದೇ ಮಳೆ ಎರಡು ಸಲ ಲೆಕ್ಕವಾಗಿ 169 ಆಗುತ್ತದೆ. ಹವಾಮಾನ ಇಲಾಖೆಯ ಅಳತೆಯಲ್ಲಿ 24 ಗಂಟೆಗೆ 64.5ರಿಂದ 115.5 ಮಿಮೀ ‘ಭಾರಿ ಮಳೆ’, ಅದರಾಚೆ 204.4ರವರೆಗೆ ‘ಅತಿ ಭಾರಿ’. ಬಿದ್ದದ್ದು ಭಾರಿ ಮಳೆ. ಒಂದು ತಪ್ಪಿನಿಂದ ಅದು ಭಾರಿಯೇ ಅಲ್ಲದಂತಾಗುತ್ತದೆ, ಇನ್ನೊಂದರಿಂದ ಅತಿ ಭಾರಿಯಾಗುತ್ತದೆ.

ಈ ಕೆಲಸ ಬಲ್ಲವರು ಆರಿಸಿಕೊಳ್ಳುವುದು ಎರಡನೆಯ ದಾರಿಯನ್ನೇ. ಉತ್ತರ ಬರುವವರೆಗೆ ಅಳಿಸಬೇಡ, ಎಷ್ಟು ಸಲವಾದರೂ ಕಳಿಸು. ಇಮ್ಮಡಿ ಆಗದಂತೆ ನೋಡಿಕೊಳ್ಳುವ ಹೊಣೆ ಡೇಟಾಬೇಸಿನದು. ‘ಈ ಕೇಂದ್ರದ ಈ ಕ್ರಮಸಂಖ್ಯೆ ಒಂದೇ ಸಲ ಇರಬೇಕು’ ಎಂಬ ನಿಬಂಧನೆಯನ್ನು ಅಲ್ಲಿ ಹಾಕಿರುತ್ತಾರೆ. ಪೋಸ್ಟ್‌ಗ್ರೆಸ್‌ನಂಥ ಡೇಟಾಬೇಸುಗಳಲ್ಲಿ ಬರೆಯುವ ಆದೇಶದ ಕೊನೆಗೆ `ON CONFLICT DO NOTHING` ಎಂದು ಸೇರಿಸಿದರೆ, ಈಗಾಗಲೇ ಇರುವ ದಾಖಲೆ ಮತ್ತೆ ಬಂದಾಗ ಅದು ಸುಮ್ಮನಿರುತ್ತದೆ, ಆದರೂ ‘ಸಿಕ್ಕಿತು’ ಎಂಬ ಉತ್ತರ ಹೋಗುತ್ತದೆ. ಮದುವೆಮನೆಯಲ್ಲಿ ಮುಯ್ಯಿ ಬರೆಯುವವರು ಅದೇ ಲಕೋಟೆ ಎರಡನೇ ಸಲ ಕೈಗೆ ಬಂದರೆ ಹೆಸರು ನೋಡಿ ಪಕ್ಕಕ್ಕಿಡುವಂತೆ.

ಕ್ರಮಸಂಖ್ಯೆಯಿಂದ ಇನ್ನೊಂದು ಉಪಕಾರವಿದೆ. 4140 ಆದಮೇಲೆ 4146 ಬಂದರೆ ನಡುವಿನ ಐದು ಇನ್ನೂ ಬರಬೇಕು ಎಂದು ಕೇಂದ್ರಕ್ಕೆ ಗೊತ್ತಾಗುತ್ತದೆ. ಅದು ‘ಮಳೆ ಇಲ್ಲ’ ಅಲ್ಲ, ‘ಮಾಹಿತಿ ಇಲ್ಲ’. ಈ ಎರಡನ್ನೂ ಸೊನ್ನೆ ಎಂದೇ ಬರೆಯುವ ತಂತ್ರಾಂಶ ಪ್ರವಾಹದ ದಿನ ಅಪಾಯಕಾರಿ. ಸಂಖ್ಯೆಗಳೆಲ್ಲ ಸಾಲಾಗಿ ಬಂದಿವೆ, ಸುತ್ತಲಿನ ಕೇಂದ್ರಗಳಲ್ಲಿ ಧೋ ಎಂದು ಮಳೆ, ಇಲ್ಲಿ ಮಾತ್ರ ಸೊನ್ನೆ ಎಂದಾದರೆ ತೊಂದರೆ ಜಾಲದ್ದಲ್ಲ. ಆಲಿಕೆಗೆ ತರಗೆಲೆ ಕಟ್ಟಿಕೊಂಡಿರಬೇಕು. ಒಬ್ಬರು ಹೋಗಿ ತೆಗೆಯದೆ ಬೇರೆ ಉಪಾಯವಿಲ್ಲ.

ಆದರೆ ಇದೇ ಕ್ರಮಸಂಖ್ಯೆ ಕೈಕೊಡುವ ಒಂದು ಸಂದರ್ಭವಿದೆ, ಹೊಸಬರು ಎಡವುವುದು ಅಲ್ಲಿ. ಸಿಡಿಲಿಗೆ ಯಂತ್ರದ ಬೋರ್ಡ್ ಸುಟ್ಟಿತೆನ್ನಿ. ಸಿಬ್ಬಂದಿ ಹೊಸದನ್ನು ಕೂರಿಸಿ ಹೋಗುತ್ತಾರೆ. ಹೊಸ ಬೋರ್ಡ್ 1, 2, 3 ಎಂದು ಮೊದಲಿನಿಂದ ಎಣಿಸತೊಡಗುತ್ತದೆ. ಆ ಸಂಖ್ಯೆಗಳೆಲ್ಲ ಕೇಂದ್ರದಲ್ಲಿ ಆಗಲೇ ಇವೆ, ಎಂದೋ ಬಂದ ಹಳೆಯ ದಾಖಲೆಗಳಾಗಿ. ಡೇಟಾಬೇಸ್ ಹೊಸ ಮಳೆಯನ್ನೆಲ್ಲ ‘ಬಂದದ್ದೇ ಬಂತು’ ಎಂದುಕೊಂಡು ಬದಿಗಿಡುತ್ತದೆ, ‘ಸಿಕ್ಕಿತು’ ಎಂದೂ ಹೇಳುತ್ತದೆ. ಆ ಮಾತು ನಂಬಿ ಯಂತ್ರ ತನ್ನ ಪ್ರತಿಯನ್ನು ಅಳಿಸುತ್ತದೆ. ಎಲ್ಲೂ ಕೆಂಪು ದೀಪ ಹತ್ತುವುದಿಲ್ಲ, ಯಾರೂ ದೂರು ಕೊಡುವುದಿಲ್ಲ. ಸಂಪರ್ಕ ಚೆನ್ನಾಗಿಯೇ ಇದೆ, ಮಳೆ ಮಾತ್ರ ದಾಖಲಾಗುತ್ತಿಲ್ಲ! ಇದಕ್ಕೆ ಮದ್ದು ಸರಳ. ಕೇಂದ್ರದ ಹೆಸರು, ಕ್ರಮಸಂಖ್ಯೆಗಳ ಜೊತೆಗೆ ಬೋರ್ಡಿನ ಸ್ವಂತ ಗುರುತನ್ನೂ ನಿಬಂಧನೆಯಲ್ಲಿ ಸೇರಿಸಬೇಕು. ಸಂಖ್ಯೆ ಅದೇ ಆಗಿದ್ದು ಅಳತೆಯ ಸಮಯ ಬೇರೆಯಾಗಿದ್ದರೆ ಸುಮ್ಮನಿರದೆ ಕೂಗಿ ಹೇಳಬೇಕು.

ಉತ್ತರವೇ ಬರಲಾಗದ ಕಡೆ ಏನು ಮಾಡುತ್ತಾರೆ? ಸಾಗರಗಳಲ್ಲಿ ತೇಲುವ ಆರ್ಗೊ ಉಪಕರಣಗಳು 2,000 ಮೀಟರ್ ಆಳದವರೆಗೆ ಇಳಿದು ಸುಮಾರು 10 ದಿನಕ್ಕೊಮ್ಮೆ ಮೇಲೆ ಬರುತ್ತವೆ. ಹಳೆಯವುಗಳು ಬಳಸುತ್ತಿದ್ದ ಉಪಗ್ರಹ ವ್ಯವಸ್ಥೆ ಏಕಮುಖದ್ದು, ‘ಸಿಕ್ಕಿತು’ ಎನ್ನುವವರಿಲ್ಲ. ಹಾಗಾಗಿ ಅವು ಗಂಟೆಗಟ್ಟಲೆ ನೀರಿನ ಮೇಲೆ ತೇಲುತ್ತ ಅದೇ ಸಂದೇಶವನ್ನು ಮತ್ತೆ ಮತ್ತೆ ಬಿತ್ತರಿಸುತ್ತಿದ್ದವು. ಮಾತಾಡಿ ಉತ್ತರ ಕೇಳಿಸಿಕೊಳ್ಳಬಲ್ಲ ಇರಿಡಿಯಂ ಉಪಗ್ರಹಗಳನ್ನು ಬಳಸತೊಡಗಿದ ಮೇಲೆ ಈ ಕೆಲಸ ನಿಮಿಷಗಳಿಗಿಳಿಯಿತು. ಭಾರತದ ಆರ್ಗೊ ಮಾಹಿತಿಯನ್ನು ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ನಿರ್ವಹಿಸುತ್ತದೆ.

ಘಟ್ಟದ ಕೇಂದ್ರಕ್ಕೆ ಮರಳಿದರೆ, ಅಲ್ಲಿಂದ ಬರುವ ಪ್ರತಿ ದಾಖಲೆಗೂ ಎರಡು ಸಮಯ ಇರಬೇಕು: ಅಳೆದದ್ದು ಯಾವಾಗ, ಕೇಂದ್ರಕ್ಕೆ ಬಂದದ್ದು ಯಾವಾಗ. ಬಂದ ಸಮಯವನ್ನೇ ಹಿಡಿದರೆ ಇಡೀ ರಾತ್ರಿಯ 108 ಮಿಮೀ ಬೆಳಿಗ್ಗೆ 7:40ಕ್ಕೆ ಒಮ್ಮೆಲೇ ಸುರಿದಂತೆ ಕಾಣುತ್ತದೆ, ಮೇಘಸ್ಫೋಟದ ಸುಳ್ಳು ಗದ್ದಲ ಏಳುತ್ತದೆ. ನಮ್ಮಲ್ಲಿ ದಿನದ ಮಳೆಯ ಲೆಕ್ಕ ಬೆಳಿಗ್ಗೆ 8:30ರಿಂದ 8:30ಕ್ಕೆ. ನಮ್ಮ ಕೇಂದ್ರದ ಬಾಕಿ 8:30ರೊಳಗೆ ತಲುಪಿತು. ಟವರ್ ಮಧ್ಯಾಹ್ನ ಮರಳಿದ್ದರೆ ಬೆಳಗಿನ ಪಟ್ಟಿ ಅದಿಲ್ಲದೆಯೇ ಹೊರಬಿದ್ದು, ಆಮೇಲೆ ಹಿಂದಿನ ದಿನದ ಮೊತ್ತವನ್ನು ಮತ್ತೆ ಕೂಡಬೇಕಾಗುತ್ತಿತ್ತು. ನಿಮ್ಮ ಹೋಬಳಿಯ ಮಳೆ ಬೆಳಿಗ್ಗೆ ನೋಡಿದಾಗ ಒಂದು, ಸಂಜೆ ನೋಡಿದಾಗ ಇನ್ನೊಂದು ಇದ್ದರೆ ಯಾರೋ ತಿದ್ದಿದ್ದಾರೆಂದು ಅನುಮಾನಿಸಬೇಡಿ. ಕತ್ತಲಲ್ಲಿ ಕಾದು ಕೂತಿದ್ದ ಯಾವುದೋ ಯಂತ್ರಕ್ಕೆ ಅಷ್ಟು ಹೊತ್ತಿಗೆ ಟವರ್ ಸಿಕ್ಕಿರಬಹುದು.