ನಿಮಗಿದು ಗೊತ್ತೆ? ಸಹಿ ತದ್ರೂಪವಾಗಿದ್ದರೇ ಅನುಮಾನ!

ಎರಡು ಸಹಿ ಒಂದರ ಮೇಲೊಂದಿಟ್ಟಾಗ ಗೆರೆಗೆ ಗೆರೆ ಕೂಡಿದರೆ, ಒಂದು ನಕಲಿ ಎಂದೇ ತಜ್ಞರ ಗುಮಾನಿ. ಏಕೆಂದರೆ ಯಾರೂ ಎರಡು ಸಲ ಒಂದೇ ಅಚ್ಚಿನಂತೆ ಸಹಿ ಹಾಕಲಾರರು.

ದೇವದುರ್ಗದ ಕೋರ್ಟಿಗೆ ಒಂದು ಸಾಲಪತ್ರ ಬಂದಿದೆ, 'ಈ ರುಜು ನನ್ನದಲ್ಲ' ಎಂದು ಸಾಲಗಾರ ತಕರಾರು ತೆಗೆದಿದ್ದಾನೆ ಎನ್ನಿ. ತಜ್ಞರು ಅಕ್ಷರದ ಅಂದ ನೋಡುವುದಿಲ್ಲ, ಪೆನ್ನು ಓಡಿದ ವೇಗ ನೋಡುತ್ತಾರೆ. ಕೆಳಗೆ ಅಸಲಿ ಇಟ್ಟು ತಿದ್ದಿದವನ ಗೆರೆ ನಡುಗಿರುತ್ತದೆ. ಬೇಡದ ಕಡೆ ಪೆನ್ನು ಎತ್ತಿರುತ್ತಾನೆ. ಹೋಲಿಕೆಗೆ ವ್ಯಾಜ್ಯಕ್ಕೆ ಮುಂಚಿನ ಸಹಿಗಳೇ ಒಳ್ಳೆಯವು. ಕೇಸು ಬಿದ್ದ ಮೇಲೆ ಹಾಕಿದ ವಕಾಲತ್ತಿನ ಸಹಿಯನ್ನು ಬೇಕೆಂದೇ ಬದಲಿಸಿರಬಹುದಲ್ಲ!

ಇಷ್ಟಾದರೂ ತಜ್ಞರ ಮಾತು ಬರೀ ಅಭಿಪ್ರಾಯ. ಅದಕ್ಕೆ ಬೇರೆ ಪುರಾವೆಯ ಬೆಂಬಲ ಇರಲೇಬೇಕೆಂಬ ಕಾನೂನಿಲ್ಲ, ಆದರೆ ಎಚ್ಚರದಿಂದ ಒಪ್ಪಬೇಕು ಎಂದು ಸುಪ್ರೀಂ ಕೋರ್ಟ್ ಮುರಾರಿ ಲಾಲ್ ಪ್ರಕರಣದಲ್ಲಿ ಹೇಳಿತು. ತಜ್ಞರು ಕೊಟ್ಟ ಕಾರಣಗಳು ಗಟ್ಟಿಯಿರಬೇಕು. ಇನ್ನೊಂದು ಸೋಜಿಗ: 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 72ನೇ ಕಲಮಿನಂತೆ, ರಾಯಚೂರಿನಲ್ಲಾಗಲಿ ಮಾನ್ವಿಯಲ್ಲಾಗಲಿ, ನ್ಯಾಯಾಧೀಶರು ತಾವೇ ಎರಡೂ ಸಹಿ ಹೋಲಿಸಿ ನೋಡಬಹುದು. ಕಟಕಟೆಯಲ್ಲಿರುವವನ ಕೈಲಿ ಅಲ್ಲೇ ಬರೆಸಲೂಬಹುದು.