ಮೂರೋ ನಾಲ್ಕೋ ಆಗಬೇಕಾದಲ್ಲಿ ಏಳು

ವಿಡಿಯೋ ಕ್ಯಾಮೆರಾ ಒಂದು ಬೂದುಬಣ್ಣದ ಗೋಡೆಯನ್ನು ನೋಡುತ್ತಿದೆ ಎಂದುಕೊಳ್ಳಿ. ಕ್ಯಾಮೆರಾದ ವೋಲ್ಟೇಜನ್ನು ಅಂಕಿಗಳಾಗಿ ಬದಲಿಸಿ, ಆ ಅಂಕಿಗಳಿಂದ ಪರದೆಯ ಮೇಲೆ ಚಿತ್ರ ಮೂಡಿಸಿದ್ದೇವೆ. ಗೋಡೆ ಸರಿಯಾಗಿಯೇ ಕಾಣುತ್ತದೆ. ಆದರೆ ಅಲ್ಲೊಂದು ಇಲ್ಲೊಂದು ಬೆಳ್ಳನೆಯ ಚುಕ್ಕೆ ಮಿನುಗಿ ಮಾಯವಾಗುತ್ತಿದೆ. ಚುಕ್ಕೆ ತುಸು ತಿಳಿಬೂದು ಆಗಿದ್ದರೆ ಅಳತೆ ಕೊಂಚ ತಪ್ಪಿದೆ ಎನ್ನಬಹುದಿತ್ತು. ಇದು ಹಾಲಿನಂತೆ ಬಿಳಿ. ವಿಡಿಯೋವನ್ನು ಅಂಕಿಗಳಿಗೆ ಇಳಿಸುವ ಕೆಲಸ ಶುರುವಾದಾಗಿನಿಂದಲೂ ಎಂಜಿನಿಯರುಗಳು ಇದಕ್ಕೆ ‘ಸ್ಪಾರ್ಕಲ್’ ಎನ್ನುತ್ತ ಬಂದಿದ್ದಾರೆ. ಈ ದೋಷ ಬಹುಪಾಲು ಹುಟ್ಟುವುದು ಅಳೆಯುವ ಭಾಗದಲ್ಲಲ್ಲ. ಅಳತೆ ಮುಗಿದ ಮೇಲೆ ಅದನ್ನು ಸಂಖ್ಯೆಯಾಗಿ ಬರೆಯುವ ಎನ್‌ಕೋಡರ್ ಎಂಬ ಚಿಕ್ಕ ಭಾಗದಲ್ಲಿ.

ಫ್ಲ್ಯಾಶ್ ಪರಿವರ್ತಕ ಎಂಬ ಬಗೆಯ ಚಿಪ್‌ಗಳು ವೋಲ್ಟೇಜನ್ನು ಒಂದೇ ಏಟಿಗೆ ಅಳೆಯುತ್ತವೆ. ಅಮೆರಿಕದ ಟಿಆರ್‌ಡಬ್ಲ್ಯು ಕಂಪನಿ 1979ರ ಹೊತ್ತಿಗೆ ತಂದ ಟಿಡಿಸಿ1007 ಎಂಬ ಚಿಪ್ ಸೆಕೆಂಡಿಗೆ 3 ಕೋಟಿ ಸಲ ಹೀಗೆ ಅಳೆಯುತ್ತಿತ್ತು. ಪ್ರತಿ ಸಲವೂ 8 ಬಿಟ್‌ನ ಉತ್ತರ, ಅಂದರೆ 0ಯಿಂದ 255ರವರೆಗಿನ ಒಂದು ಸಂಖ್ಯೆ. ಅದಕ್ಕಾಗಿ ಒಳಗೆ 255 ಕಂಪ್ಯಾರೇಟರುಗಳು. 255ರ ಜಾಡು ಹಿಡಿಯುವುದು ಕಷ್ಟ. ನಾವು ಏಳು ಕಂಪ್ಯಾರೇಟರುಗಳಿರುವ 3 ಬಿಟ್ ಪರಿವರ್ತಕವನ್ನು ಬಿಚ್ಚಿ ನೋಡೋಣ. ನಿಯಮ ಎರಡಕ್ಕೂ ಒಂದೇ.

ಎಂಟು ಸಮಾನ ರೆಸಿಸ್ಟರುಗಳನ್ನು ಸಾಲಾಗಿ ಜೋಡಿಸಿ ತುದಿಯಿಂದ ತುದಿಗೆ 8 ವೋಲ್ಟ್ ಕೊಟ್ಟರೆ, ನಡುವಿನ ಏಳು ಕೂಡುಗಳಲ್ಲಿ 1, 2, 3 ಎನ್ನುತ್ತ 7 ವೋಲ್ಟ್‌ವರೆಗೆ ಮೆಟ್ಟಿಲು ಸಿಗುತ್ತದೆ. ಪ್ರತಿ ಮೆಟ್ಟಿಲಿಗೆ ಒಂದು ಕಂಪ್ಯಾರೇಟರ್. ಒಳಬಂದ ವೋಲ್ಟೇಜ್ ನನ್ನ ಮೆಟ್ಟಿಲಿಗಿಂತ ಹೆಚ್ಚೋ ಕಡಿಮೆಯೋ ಎಂಬುದಷ್ಟೇ ಅದರ ಕೆಲಸ. ಹೆಚ್ಚಾದರೆ 1, ಇಲ್ಲವಾದರೆ 0. ಈಗ 4.6 ವೋಲ್ಟ್ ಬಂತು ಎನ್ನಿ. ಕೆಳಗಿನ ನಾಲ್ಕು ಕಂಪ್ಯಾರೇಟರುಗಳು 1 ಎನ್ನುತ್ತವೆ, ಮೇಲಿನ ಮೂರು 0 ಎನ್ನುತ್ತವೆ. ಏಳನೆಯದರಿಂದ ಕೆಳಗಿಳಿಯುತ್ತ ಬರೆದರೆ 0001111. ವೋಲ್ಟೇಜ್ ಏರಿದಂತೆ 1ಗಳು ಪಾದರಸದ ಹಾಗೆ ಕೆಳಗಿನಿಂದ ಏರುತ್ತವೆ. ಥರ್ಮಾಮೀಟರ್ ಕೋಡ್ ಎಂಬ ಹೆಸರು ಬಂದದ್ದು ಹಾಗೆ. ಇದನ್ನು 100 ಎಂಬ ದ್ವಿಮಾನ ಸಂಖ್ಯೆಗೆ, ಅಂದರೆ ನಾಲ್ಕಕ್ಕೆ, ತರುವುದು ಎನ್‌ಕೋಡರಿನ ಹೊಣೆ.

ಸುಲಭದ ದಾರಿ ಕಣ್ಣೆದುರೇ ಇದೆ. 1ಗಳ ರಾಶಿ ಮುಗಿದು 0ಗಳು ಶುರುವಾಗುವ ಗಡಿ ಒಂದೇ ಕಡೆ ಇರುತ್ತದೆ. ಹಾಗಾಗಿ ಪ್ರತಿ ಮಟ್ಟಕ್ಕೂ ಒಂದು ಗೇಟ್ ಇಟ್ಟು, ‘ನನ್ನದು 1, ನನ್ನ ಮೇಲಿನದು 0, ಅಲ್ಲವೇ?’ ಎಂದು ಅದು ಪರೀಕ್ಷಿಸುವಂತೆ ಮಾಡಿದರೆ, ಏಳರಲ್ಲಿ ಒಂದೇ ಗೇಟ್ ಹೌದೆನ್ನುತ್ತದೆ. ಆ ಗೇಟ್ ರೋಮ್ ಎಂಬ ಸಿದ್ಧಪಟ್ಟಿಯ ಮೆಮೊರಿಯಲ್ಲಿ ತನ್ನ ಸಾಲನ್ನು ಎಬ್ಬಿಸುತ್ತದೆ. ಮೂರನೆಯ ಸಾಲಿನಲ್ಲಿ 011 ಎಂದಿದೆ, ನಾಲ್ಕನೆಯದರಲ್ಲಿ 100. ಎದ್ದ ಸಾಲಿನಲ್ಲಿರುವುದೇ ಉತ್ತರ. ಯಾವ ಸಾಲೂ ಏಳದಿದ್ದರೆ ಉತ್ತರ ಸೊನ್ನೆ. ಎರಡು ಸಾಲು ಒಟ್ಟಿಗೆ ಎದ್ದರೆ? ಯಾವುದಾದರೊಂದು ಸಾಲಿನಲ್ಲಿ 1 ಇದ್ದರೂ ಆ ಬಿಟ್ 1 ಎಂದೇ ಹೊರಬರುತ್ತದೆ. ಬಿಳಿ ಚುಕ್ಕೆಗೆ ಕಾರಣವಾಗುವ ಸಂಗತಿ ಇದೇ.

ಒಳಬಂದ ವೋಲ್ಟೇಜ್ ಸರಿಯಾಗಿ 4ರ ಅಂಚಿನಲ್ಲೇ ಇತ್ತು ಎಂದಿಟ್ಟುಕೊಳ್ಳಿ. ನಾಲ್ಕನೆಯ ಕಂಪ್ಯಾರೇಟರಿಗೆ ಹೆಚ್ಚೋ ಕಡಿಮೆಯೋ ತೀರ್ಮಾನವಾಗುತ್ತಿಲ್ಲ. ಕಂಪ್ಯಾರೇಟರ್ ತನ್ನ ಎರಡು ತುದಿಗಳ ನಡುವಿನ ಅತಿ ಸಣ್ಣ ಅಂತರವನ್ನು ಹಿಗ್ಗಿಸುತ್ತ ಹೋಗಿ 1ಕ್ಕೋ 0ಗೋ ತಲುಪುತ್ತದೆ. ಅಂತರ ತೀರಾ ಸಣ್ಣದಾದರೆ ಹಿಗ್ಗಲು ಹೆಚ್ಚು ಹೊತ್ತು ಬೇಕು. ಆದರೆ ಕ್ಲಾಕ್ ಕಾಯುವುದಿಲ್ಲ. ಓದುವ ಹೊತ್ತಿಗೆ ಆ ತಂತಿಯ ಮೇಲೆ 1ಕ್ಕೂ 0ಗೂ ನಡುವಿನ ಯಾವುದೋ ವೋಲ್ಟೇಜ್ ಇರುತ್ತದೆ. ಮೂರೆಂದರೂ ನಾಲ್ಕೆಂದರೂ ನಮಗೆ ಒಪ್ಪಿಗೆಯೇ, ಎರಡರಲ್ಲೂ ತಪ್ಪು ಒಂದು ಮೆಟ್ಟಿಲನ್ನು ಮೀರದು. ತೊಂದರೆ ಏನೆಂದರೆ ಈ ಒಂದೇ ತಂತಿಯನ್ನು ಎರಡು ಗೇಟುಗಳು ಓದುತ್ತಿವೆ. ಮೂರನೆಯ ಗೇಟ್ ಅದನ್ನು 0 ಎಂದು ಓದಿ ತನ್ನ ಸಾಲನ್ನು ಎಬ್ಬಿಸುತ್ತದೆ. ನಾಲ್ಕನೆಯ ಗೇಟ್ ಅದನ್ನೇ 1 ಎಂದು ಓದಿ ತನ್ನ ಸಾಲನ್ನೂ ಎಬ್ಬಿಸುತ್ತದೆ. 011ಕ್ಕೆ 100 ಬೆರೆತು 111 ಹೊರಬೀಳುತ್ತದೆ. ಉತ್ತರ ಏಳು! 8 ಬಿಟ್ ಪರಿವರ್ತಕದಲ್ಲಿ ಇದೇ ಪ್ರಸಂಗ 127 ಮತ್ತು 128ರ ನಡುವೆ ನಡೆದರೆ 01111111ಕ್ಕೆ 10000000 ಬೆರೆತು 255 ಆಗುತ್ತದೆ. ನಡುಬೂದು ಇದ್ದಲ್ಲಿ ಅಚ್ಚ ಬಿಳಿ.

ಇನ್ನೊಂದು ಕೇಡು ಥರ್ಮಾಮೀಟರ್ ಕೋಡಿನಲ್ಲೇ ತೂತು ಬೀಳುವುದು. 0001111 ಬರಬೇಕಾದಲ್ಲಿ 0010111 ಬರುತ್ತದೆ: ನಾಲ್ಕನೆಯದು 0, ಅದರ ಮೇಲಿನ ಐದನೆಯದು 1. ಇದಕ್ಕೆ ‘ಬಬಲ್’ ಎನ್ನುತ್ತಾರೆ. ಕಂಪ್ಯಾರೇಟರುಗಳ ಸಣ್ಣಪುಟ್ಟ ವ್ಯತ್ಯಾಸ ಒಂದು ಕಾರಣ. 2 ವೋಲ್ಟನ್ನು 256 ಪಾಲು ಮಾಡಿದರೆ ಒಂದು ಮೆಟ್ಟಿಲು 8 ಮಿಲಿವೋಲ್ಟ್ ಕೂಡ ಆಗುವುದಿಲ್ಲ. ಆದರೆ ವೇಗದ ಸಿಗ್ನಲಿನಲ್ಲಿ ದೊಡ್ಡ ಕಾರಣ ಸಮಯದ್ದು. ಸೆಕೆಂಡಿಗೆ 1 ಕೋಟಿ ಸಲ ಏರಿಳಿಯುವ ಸಿಗ್ನಲ್ 8 ಬಿಟ್‌ನ ಪೂರ್ತಿ ವ್ಯಾಪ್ತಿಯನ್ನು ಆವರಿಸುತ್ತಿದ್ದರೆ, ಅತಿ ಕಡಿದಾದ ಜಾಗದಲ್ಲಿ ಒಂದು ಮೆಟ್ಟಿಲನ್ನು ಸುಮಾರು 124 ಪಿಕೋಸೆಕೆಂಡಿನಲ್ಲಿ ದಾಟುತ್ತದೆ. ಒಂದು ಪಿಕೋಸೆಕೆಂಡ್ ಎಂದರೆ ಸೆಕೆಂಡಿನ ಲಕ್ಷ ಕೋಟಿಯ ಒಂದು ಪಾಲು. ಕ್ಲಾಕ್‌ನ ಮಿಡಿತ ಒಂದು ಕಂಪ್ಯಾರೇಟರಿಗೆ ಅದರ ನೆರೆಯದಕ್ಕಿಂತ ಅಷ್ಟು ತಡವಾಗಿ ತಲುಪಿದರೆ, ಎರಡೂ ಬೇರೆ ಬೇರೆ ಗಳಿಗೆಯ ವೋಲ್ಟೇಜನ್ನು ಅಳೆದಂತಾಗುತ್ತದೆ. ತೂತು ಬೀಳಲು ಅಷ್ಟು ಸಾಕು.

ನಮ್ಮ ಎನ್‌ಕೋಡರ್ ಈ 0010111ನ್ನು ಕಂಡಾಗ ಗಡಿ ಎರಡು ಕಡೆ ಕಾಣುತ್ತದೆ, ಮೂರರಲ್ಲಿ ಮತ್ತು ಐದರಲ್ಲಿ. 011ಕ್ಕೆ 101 ಬೆರೆತರೆ ಮತ್ತೆ 111, ಮತ್ತೆ ಏಳು. ಇದಕ್ಕೆ ಸರಳ ಮದ್ದಿದೆ. ಪ್ರತಿ ಗೇಟ್ ತನ್ನ ಕೆಳಗಿನ ಮಟ್ಟವನ್ನೂ ನೋಡಿ, ಅದೂ 1 ಆಗಿದ್ದರೆ ಮಾತ್ರ ಹೌದೆನ್ನಬೇಕು. ಆಗ ಐದನೆಯ ಗೇಟ್ ಸುಮ್ಮನಾಗುತ್ತದೆ, ಏಕೆಂದರೆ ಅದರ ಕೆಳಗೆ 0 ಇದೆ. ಮೂರನೆಯದೊಂದೇ ಏಳುತ್ತದೆ. ಉತ್ತರ ಮೂರು; ನಾಲ್ಕಕ್ಕೆ ಹತ್ತಿರವೇ. ಆದರೆ ತೂತು ಅಗಲವಾಗಿ 0110011 ಬಂದರೆ ಎರಡನೆಯದೂ ಆರನೆಯದೂ ಒಟ್ಟಿಗೆ ಎದ್ದು ಉತ್ತರ ಆರಾಗುತ್ತದೆ. ಅದಕ್ಕಿಂತ ಮುಖ್ಯವಾಗಿ, ತೀರ್ಮಾನವಾಗದ ತಂತಿಯ ಕೇಡಿಗೆ ಈ ಮದ್ದು ನಾಟುವುದಿಲ್ಲ. ಅನುಮಾನದ ಒಂದು ತಂತಿಯನ್ನು ಮೊದಲು ಎರಡು ಗೇಟುಗಳು ಓದುತ್ತಿದ್ದವು, ಈಗ ಮೂರು ಓದುತ್ತಿವೆ!

ಎನ್‌ಕೋಡರಿಗೆ ಕೇಳಬೇಕಾದ ಮೊದಲ ಪ್ರಶ್ನೆ ನನ್ನ ಪ್ರಕಾರ ಇದೇ: ಅನುಮಾನದ ಒಂದು ತಂತಿ ಎಷ್ಟು ಬಿಟ್‌ಗಳನ್ನು ಮುಟ್ಟುತ್ತದೆ? ಒಂದನ್ನೇ ಮುಟ್ಟುವಂತೆ ಮಾಡಬಹುದು. ಬೆಲ್ ಪ್ರಯೋಗಾಲಯದ ಫ್ರಾಂಕ್ ಗ್ರೇ 1947ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿ 1953ರಲ್ಲಿ ಪಡೆದ ಎಣಿಕೆಯ ಕ್ರಮ ಅದಕ್ಕೆ ದಾರಿ. ಆಗ ಅಲ್ಲಿ ಸಿಗ್ನಲನ್ನು ಸಂಖ್ಯೆ ಮಾಡುತ್ತಿದ್ದದ್ದು ಒಂದು ನಿರ್ವಾತ ನಳಿಗೆ. ರಂಧ್ರಗಳ ತಟ್ಟೆಯ ಮೇಲೆ ಎಲೆಕ್ಟ್ರಾನ್ ಕಿರಣ ಬಿದ್ದ ಜಾಗದ ರಂಧ್ರಗಳೇ ಬಿಟ್‌ಗಳು. ಕಿರಣ ಎರಡು ಸಾಲುಗಳ ನಡುವೆ ಬಿದ್ದರೆ ಎರಡೂ ಬೆರೆತು ತಪ್ಪು ಸಂಖ್ಯೆ ಬರುತ್ತಿತ್ತು, ನಮ್ಮ ರೋಮ್‌ನಲ್ಲಿ ಆದಂತೆಯೇ. ಗ್ರೇ ಅವರ ಕ್ರಮದಲ್ಲಿ ಅಕ್ಕಪಕ್ಕದ ಯಾವ ಎರಡು ಸಂಖ್ಯೆಗಳೂ ಒಂದೇ ಒಂದು ಬಿಟ್‌ನಲ್ಲಿ ಬೇರೆಯಾಗಿರುತ್ತವೆ. ಅಲ್ಲಿ ಮೂರು ಎಂದರೆ 010, ನಾಲ್ಕು ಎಂದರೆ 110.

ಏಳು ತಂತಿಗಳಿಂದ ಗ್ರೇ ಕೋಡಿಗೆ ನೇರವಾಗಿ ಹೋಗಲು ಇಷ್ಟು ಸಾಕು:

```
G2 = T4
G1 = T2 AND (NOT T6)
G0 = (T1 AND NOT T3) OR (T5 AND NOT T7)
```

T1ರಿಂದ T7ರವರೆಗಿನ ಪ್ರತಿಯೊಂದು ತಂತಿಯೂ ಇಲ್ಲಿ ಒಂದೇ ಸಲ ಬಂದಿರುವುದನ್ನು ಗಮನಿಸಿ. ನಾಲ್ಕನೆಯ ತಂತಿ ಅನುಮಾನದಲ್ಲಿದ್ದರೆ ಅಲುಗಾಡುವುದು G2 ಮಾತ್ರ. ಉತ್ತರ 010 ಇಲ್ಲವೇ 110, ಅಂದರೆ ಮೂರು ಇಲ್ಲವೇ ನಾಲ್ಕು. ಏಳಕ್ಕೆ ಹಾರುವ ದಾರಿಯೇ ಇಲ್ಲಿಲ್ಲ.

ಆದರೂ ಕೆಲಸ ಮುಗಿಯಲಿಲ್ಲ. ಗ್ರೇ ಕೋಡನ್ನು ಸಾಮಾನ್ಯ ದ್ವಿಮಾನಕ್ಕೆ ತರುವಾಗ G2ವಿನ ಬೆಲೆ ಮೂರೂ ಬಿಟ್‌ಗಳಿಗೆ ಹರಡುತ್ತದೆ. ಅದು ಇನ್ನೂ ಅನುಮಾನದಲ್ಲೇ ಇದ್ದರೆ ಹಳೆಯ ಕೇಡು ಮರಳುತ್ತದೆ. ಅದಕ್ಕೇ ಗ್ರೇ ಬಿಟ್‌ಗಳನ್ನು ಮೊದಲು ಒಂದೆರಡು ಸಾಲು ಲ್ಯಾಚ್‌ಗಳಲ್ಲಿ ಹಿಡಿದಿಡುತ್ತಾರೆ. ಅನುಮಾನ ಒಂದೇ ತಂತಿಯ ಮೇಲಿರುವಾಗ ಅದಕ್ಕೆ ತೀರ್ಮಾನಿಸಿಕೊಳ್ಳಲು ಹೊತ್ತು ಸಿಗಲಿ ಎಂದು. ಅಂತರವು ಸುಮಾರು 2.7 ಪಟ್ಟು ಹಿಗ್ಗಲು ಲ್ಯಾಚ್‌ಗೆ ಬೇಕಾಗುವ ಸಮಯವನ್ನು ಒಂದು ಮಾನ ಎಂದುಕೊಂಡರೆ, ಅಂಥ ಹತ್ತು ಮಾನ ಹೆಚ್ಚು ಕಾದಾಗ ಅನುಮಾನ ಉಳಿಯುವ ಸಾಧ್ಯತೆ ಸುಮಾರು 22,000 ಪಟ್ಟು ಕುಗ್ಗುತ್ತದೆ. ಇದಕ್ಕೆ ತೆರುವ ಬೆಲೆ ಉತ್ತರ ಒಂದೆರಡು ಮಿಡಿತ ತಡವಾಗಿ ಬರುವುದು. ಅಳತೆಯ ವೇಗಕ್ಕೆ ಅದರಿಂದ ಧಕ್ಕೆಯಿಲ್ಲ.

ಗಡಿ ಹುಡುಕುವುದನ್ನೇ ಬಿಟ್ಟು 1ಗಳನ್ನು ಎಣಿಸುವ ದಾರಿಯೂ ಇದೆ. ತೂತು ಬಿದ್ದ 0010111ರಲ್ಲೂ 1ಗಳು ನಾಲ್ಕೇ. ಉತ್ತರ ಕರಾರುವಾಕ್ಕಾಗಿ ನಾಲ್ಕು. ಇದೇ ತೂತಿಗೆ ಗ್ರೇ ಎನ್‌ಕೋಡರ್ 011 ಎನ್ನುತ್ತದೆ, ಅಂದರೆ ಎರಡು. ತೂತಿನ ವಿಷಯದಲ್ಲಿ ಎಣಿಕೆಯೇ ಮೇಲು. ಆದರೆ ಒಂದು ಸಲಕ್ಕೆ ಮೂರು ಬಿಟ್ ಕೂಡಿಸುವ ಫುಲ್ ಆ್ಯಡರ್‌ಗಳು ಏಳು ತಂತಿಗೆ ನಾಲ್ಕು ಸಾಕಾದರೆ, 255 ತಂತಿಗೆ 247 ಬೇಕು. ಮೇಲಾಗಿ ಪ್ರತಿ ಆ್ಯಡರ್‌ನಲ್ಲೂ ಮೊತ್ತದ ಭಾಗ, ಕ್ಯಾರಿಯ ಭಾಗ ಎರಡೂ ಅದೇ ತಂತಿಯನ್ನು ಓದುತ್ತವೆ. ನಾಲ್ಕನೆಯ ತಂತಿ ಅನುಮಾನದಲ್ಲಿದ್ದಾಗ ಉತ್ತರ ಎರಡಕ್ಕೋ ಐದಕ್ಕೋ ಜಾರಬಹುದು. ಎಣಿಸುವ ಎನ್‌ಕೋಡರಿಗೆ ಕೊಡುವ ಮೊದಲು ತಂತಿಗಳನ್ನೇ ಲ್ಯಾಚ್‌ಗಳಲ್ಲಿ ಕಾಯಿಸಬೇಕಾಗುತ್ತದೆ, ಮೂರರ ಬದಲು ಏಳೂ ತಂತಿಗಳನ್ನು.

ಕೈಯಲ್ಲಿರುವ ಪರಿವರ್ತಕದಲ್ಲಿ ಯಾವ ಕೇಡಿದೆ ಎಂದು ಪತ್ತೆ ಹಚ್ಚುವ ಪರೀಕ್ಷೆ ಸೊಗಸಾಗಿದೆ. ಕ್ಲಾಕ್ ಸೆಕೆಂಡಿಗೆ 1 ಕೋಟಿ ಸಲ ಮಿಡಿಯುತ್ತಿದ್ದರೆ, ಸಿಗ್ನಲನ್ನು 1 ಕೋಟಿ 1 ಸಾವಿರ ಸಲ ಏರಿಳಿಸಬೇಕು. ಎರಡೂ ಹೆಚ್ಚುಕಡಿಮೆ ಜೊತೆಜೊತೆಗೇ ನಡೆಯುವುದರಿಂದ ಪ್ರತಿ ಓದು ಸಿಗ್ನಲಿನ ಆಕಾರದ ಮೇಲೆ ಚೂರೇ ಮುಂದೆ ಸರಿಯುತ್ತದೆ, ಪೂರ್ತಿ ಆಕಾರ ಮೂಡಲು 10,000 ಓದುಗಳು ಬೇಕು. ಒಂದರ ಹಿಂದೊಂದು ಬಂದ ಎರಡು ಓದುಗಳು ಒಂದು ಮೆಟ್ಟಿಲಿಗಿಂತ ಹೆಚ್ಚು ಬೇರೆಯಾಗಿದ್ದರೆ ಅದು ದೋಷವೇ ಸರಿ. 63 ಮತ್ತು 64, 127 ಮತ್ತು 128, 191 ಮತ್ತು 192ರ ಗಡಿಗಳಲ್ಲಿ ದೊಡ್ಡ ಜಿಗಿತಗಳು ಕಂಡರೆ ಎರಡು ಸಾಲು ಬೆರೆಯುತ್ತಿವೆ ಎಂದರ್ಥ. ಇನ್ನು ಕ್ಲಾಕನ್ನು ಮುಟ್ಟದೆ ಸಿಗ್ನಲನ್ನು 2 ಕೋಟಿ 1 ಸಾವಿರಕ್ಕೆ ಏರಿಸಿ ನೋಡಬೇಕು. ಓದುಗಳ ನಡೆ ಮೊದಲಿನಷ್ಟೇ ನಿಧಾನ, ಆದರೆ ಕಂಪ್ಯಾರೇಟರುಗಳು ಕಾಣುವ ಕಡಿದು ಎರಡರಷ್ಟು. ಜಿಗಿತಗಳು ಆಗ ಹೆಚ್ಚಿದರೆ ತೂತುಗಳನ್ನು ಶಂಕಿಸಬೇಕು, ಕ್ಲಾಕ್‌ನ ತಂತಿಗಳ ಉದ್ದವನ್ನು ನೋಡಬೇಕು. ಸಿಗ್ನಲಿಗೆ ಜಗ್ಗದೆ, ಕ್ಲಾಕನ್ನು ವೇಗಗೊಳಿಸಿದಾಗ ಮಾತ್ರ ಅವು ಏರಿದರೆ ತೀರ್ಮಾನಕ್ಕೆ ಹೊತ್ತು ಸಾಲುತ್ತಿಲ್ಲ. ಇನ್ನೊಂದು ಸಾಲು ಲ್ಯಾಚ್ ಸೇರಿಸಬೇಕು.