ತಾರಸಿಯ ಬಿಸಿಲನ್ನು ಪರದೆಗೆ ತರುವ ಪ್ರಾಂಪ್ಟ್

‘ತಾರಸಿಯ ಸೌರ ಫಲಕದಿಂದ ಮನೆಗೆ ಕರೆಂಟ್ ಬರುವುದನ್ನು ಐಸೊಮೆಟ್ರಿಕ್ ಆನಿಮೇಷನ್‌ನಲ್ಲಿ ತೋರಿಸು.’ ಎಐ ವಿಡಿಯೊ ತಂತ್ರಾಂಶಕ್ಕೆ ಇಷ್ಟೇ ಬರೆದುಕೊಟ್ಟರೂ ಚೆಂದದ ಚಿತ್ರವೊಂದು ಬಂದೀತು. ಆದರೆ ಫಲಕದಿಂದ ಹೊರಟ ಹೊಳೆಯುವ ಗೆರೆ ನೇರವಾಗಿ ಬಲ್ಬಿಗೇ ಹೋಗಿ ಸೇರಬಹುದು. ನಡುವೆ ಇನ್ವರ್ಟರ್ ಇಲ್ಲ, ಮೀಟರ್ ಇಲ್ಲ. ನೋಡಲು ಸೊಗಸು, ವಿಷಯ ತಪ್ಪು.

ಐಸೊಮೆಟ್ರಿಕ್ ಎಂದರೆ ಮೇಲಿನ ಮೂಲೆಯಿಂದ ಓರೆಯಾಗಿ ಕಾಣುವ ನೋಟ. ಇಲ್ಲಿ ದೂರದ ವಸ್ತು ಚಿಕ್ಕದಾಗುವುದಿಲ್ಲ. ಎದುರಿನ ಗೋಡೆಗಳನ್ನು ತೆಗೆದು ತೋರಿಸಿದರೆ ತಾರಸಿಯ ಫಲಕ, ಒಳಗಿನ ಫ್ಯಾನು, ಗೇಟಿನ ಬಳಿಯ ಮೀಟರ್ ಎಲ್ಲವೂ ಒಟ್ಟಿಗೆ ಕಣ್ಣಿಗೆ ಬೀಳುತ್ತವೆ. ಇದಕ್ಕೆ ಕ್ಯಾಮೆರಾ ಅಲುಗದೆ ನಿಲ್ಲಬೇಕು. ಪ್ರಾಂಪ್ಟ್‌ನಲ್ಲಿ ‘ಸಿನಿಮೀಯ’ ಎಂಬ ಪದ ನುಸುಳಿದರೆ ಕ್ಯಾಮೆರಾ ಮನೆಯನ್ನು ಸುತ್ತತೊಡಗಿ ಅನುಕೂಲವೆಲ್ಲ ಕೈತಪ್ಪೀತು.

ಇನ್ನು ಕರೆಂಟಿನ ದಾರಿ. ಫಲಕ ಕೊಡುವುದು ಡಿಸಿ ವಿದ್ಯುತ್. ಮನೆಗೆ ಬೇಕಿರುವುದು 230 ವೋಲ್ಟ್‌ನ ಎಸಿ. ಒಂದನ್ನು ಇನ್ನೊಂದಾಗಿಸುವುದು ಇನ್ವರ್ಟರ್. ಈ ಬದಲಾವಣೆಯನ್ನು ತೋರಿಸಲು ಬಣ್ಣ ಬದಲಿಸುವುದೇ ಸುಲಭದ ಉಪಾಯ. ಬೆಂಗಳೂರಿನಲ್ಲಿ 3 ಕಿಲೋವ್ಯಾಟ್ ಫಲಕಗಳಿರುವ ಒಂದು ಮನೆಯನ್ನು ಊಹಿಸಿಕೊಳ್ಳೋಣ. ಮಧ್ಯಾಹ್ನ ಫಲಕಗಳಿಂದ 2 ಕಿಲೋವ್ಯಾಟ್ ಬರುತ್ತಿದೆ, ಮನೆ ಬಳಸುತ್ತಿರುವುದು ಅರ್ಧ ಕಿಲೋವ್ಯಾಟ್. ಉಳಿದ ಒಂದೂವರೆ ಕಿಲೋವ್ಯಾಟ್ ಮೀಟರ್ ದಾಟಿ ಬೀದಿಯ ತಂತಿಗೆ ಹೋಗುತ್ತದೆ. ಆಗ ಪ್ರಾಂಪ್ಟ್ ಹೀಗಿರಬಹುದು:

‘ಐಸೊಮೆಟ್ರಿಕ್ ನೋಟ, ಸ್ಥಿರ ಕ್ಯಾಮೆರಾ. ಎದುರಿನ ಗೋಡೆಗಳಿಲ್ಲದ ಎರಡಂತಸ್ತಿನ ಮನೆ, ಸಮತಟ್ಟು ತಾರಸಿ, ದಕ್ಷಿಣಕ್ಕೆ ಓರೆಯಾದ ಫಲಕಗಳು. ಫಲಕದಿಂದ ಗೋಡೆಯ ಇನ್ವರ್ಟರ್‌ವರೆಗೆ ಹಳದಿ ಚುಕ್ಕೆಗಳು ಒಂದೇ ದಿಕ್ಕಿಗೆ ಸಾಗಲಿ. ಇನ್ವರ್ಟರ್‌ನಿಂದ ಸ್ವಿಚ್ ಬೋರ್ಡಿಗೆ ನೀಲಿ ಚುಕ್ಕೆಗಳು. ಅಲ್ಲಿಂದ ಸಣ್ಣ ಧಾರೆ ಫ್ಯಾನು, ಫ್ರಿಜ್‌ಗೆ. ದಪ್ಪ ಧಾರೆ ಮೀಟರ್ ಮೂಲಕ ಬೀದಿಯ ಕಂಬಕ್ಕೆ. ಅಕ್ಷರಗಳು ಬೇಡ.’

ಅಕ್ಷರ ಬೇಡವೆನ್ನಲು ಕಾರಣವಿದೆ. ಇಂಥ ತಂತ್ರಾಂಶಗಳು ಕನ್ನಡದ ಒತ್ತಕ್ಷರಗಳನ್ನು ಕಲಸಿಬಿಡುವುದುಂಟು. ಹೆಸರುಗಳನ್ನು ಆಮೇಲೆ ಎಡಿಟಿಂಗ್‌ನಲ್ಲಿ ಸೇರಿಸುವುದು ಕ್ಷೇಮ. ಚುಕ್ಕೆಗಳು ಸಾಗುವ ದಿಕ್ಕನ್ನೂ ಹೇಳದಿದ್ದರೆ ಅವು ಅರ್ಧದಲ್ಲಿ ಹಿಂದಕ್ಕೆ ಹರಿಯುವುದೂ ಇದೆ.

ಎಲ್ಲವನ್ನೂ ಒಂದೇ ತುಣುಕಿಗೆ ತುರುಕುವುದು ಬೇಡ. ರಾತ್ರಿಯದು ಎರಡನೇ ತುಣುಕು: ಫಲಕ ಸುಮ್ಮನಿರುತ್ತದೆ, ನೀಲಿ ಧಾರೆ ಕಂಬದಿಂದ ಮನೆಯೊಳಗೆ ಬರುತ್ತದೆ. ಮೂರನೆಯದು, ನಡುಹಗಲಲ್ಲಿ ಬೀದಿಯ ಕರೆಂಟ್ ಹೋದ ಹೊತ್ತಿನದು. ಬ್ಯಾಟರಿ ಇಲ್ಲದ, ಗ್ರಿಡ್‌ಗೆ ಜೋಡಿಸಿದ ಸಾಮಾನ್ಯ ವ್ಯವಸ್ಥೆಯಾದರೆ ಎಷ್ಟೇ ಬಿಸಿಲಿದ್ದರೂ ಮನೆಗೆ ಕರೆಂಟ್ ಇರುವುದಿಲ್ಲ. ತಂತಿ ರಿಪೇರಿಗೆ ಕಂಬ ಹತ್ತಿದ ಲೈನ್‌ಮನ್‌ಗೆ ಅಪಾಯವಾಗದಿರಲೆಂದು ಇನ್ವರ್ಟರ್ ತಾನಾಗಿಯೇ ನಿಲ್ಲುತ್ತದೆ. ಬಿಡದೆ ಹೇಳದಿದ್ದರೆ ತಂತ್ರಾಂಶ ಇಲ್ಲಿಯೂ ದೀಪ ಉರಿಸಿಬಿಟ್ಟೀತು. ಸೋಲಾರ್ ಹಾಕಿಸಲು ಹೊರಟವರು ಮುಂಚೆಯೇ ತಿಳಿದಿರಬೇಕಾದದ್ದು ಇದನ್ನೇ. ಹಾಗಾಗಿ ಸಮಯ ಸಾಲದಿದ್ದರೆ ರಾತ್ರಿಯ ತುಣುಕನ್ನು ಕೈಬಿಡಿ, ಇದನ್ನಲ್ಲ.